ದನಿಗೂಡುವ ಬೆಳಗು

ಹುಬ್ಬಳ್ಳಿ-ಧಾರವಾಡದ ಶಾಲೆಗಳ ಬೆಳಗಿನ ಪ್ರಾರ್ಥನೆಯಲ್ಲಿ ಮುಂದೆ ನಿಂತ ಹುಡುಗಿ ‘ಎಲ್ಲರಿಗೂ ನಮಸ್ಕಾರ’ ಎಂದರೆ ಸಾಲುಗಳೆಲ್ಲ ‘ನಮಸ್ಕಾರ’ ಎನ್ನುತ್ತವೆ. ಪ್ರತಿಜ್ಞೆಯನ್ನು ಆಕೆ ತುಂಡು ತುಂಡಾಗಿ ಹೇಳಿದಂತೆ ಮಕ್ಕಳು ಮರಳಿ ಹೇಳುತ್ತಾರೆ. ಮನೆಯಲ್ಲಿ ಉರ್ದುವನ್ನೋ ಮರಾಠಿಯನ್ನೋ ಆಡುವ ಹೊಸ ಮಗುವಿಗೂ ಅಷ್ಟು ಸಣ್ಣ ತುಂಡು ನಿಲುಕುತ್ತದೆ. ತಪ್ಪಿದರೂ ಗುಂಪಿನ ದನಿ ಆ ತಪ್ಪನ್ನು ಮುಚ್ಚಿಬಿಡುತ್ತದೆ. ತರಗತಿಯಲ್ಲಿ ಬಾಯಿ ಬಿಡುವ ಮೊದಲೇ ಆ ಮಗು ಶಾಲೆಯ ಮಾತಿನಲ್ಲಿ ಪಾಲು ಪಡೆದಿರುತ್ತದೆ. ಹೀಗೆ ದನಿಗೂಡಿಸುವುದು ಮಕ್ಕಳನ್ನು ಹತ್ತಿರ ತರಲೂಬಹುದು. ಸಂಶೋಧಕರಾದ ಕಿರ್ಷ್ನರ್ ಮತ್ತು ಟೊಮಸೆಲ್ಲೊ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೊತೆಗೂಡಿ ಹಾಡಿ ಕುಣಿದ ನಾಲ್ಕು ವರ್ಷದ ಮಕ್ಕಳು ಆಮೇಲೆ ಒಬ್ಬರಿಗೊಬ್ಬರು ಹೆಚ್ಚು ನೆರವಾದರು. ನಮಸ್ಕಾರ ಹಾಡಲ್ಲ, ನಿಜ. ಆದರೂ ದನಿಗೂಡಿಸುವ ಗುಣ ಎರಡರಲ್ಲೂ ಒಂದೇ.

ಹೀಗೆ ಮರಳಿ ಹೇಳುವುದು ಬರೀ ಗಿಳಿಪಾಠವಲ್ಲವೇ ಎನ್ನುವವರಿದ್ದಾರೆ. ಒಬ್ಬನೇ ಜಾಣ ವರ್ಷವಿಡೀ ಮುಂದೆ ನಿಂತರೆ ಹೌದು. ಆಗ ಹಿಂದಿನ ಸಾಲಿನಲ್ಲಿ ತುಟಿ ಅಲುಗುತ್ತದೆ, ದನಿ ಬರುವುದಿಲ್ಲ. ಗುರುಗಳೇ, ನಾಳೆ ಆ ಸಾಲಿನ ಮಗುವನ್ನೇ ಮುಂದೆ ಕರೆಯಿರಿ.