ರಿಸೆಟ್ ಮಾಡ್ಬೇಕಾ, ಹೊಸ ಪ್ರೊಫೈಲ್ ತೆರೀಬೇಕಾ?

ಬಳ್ಳಾರಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ಮಾತು ಕಂಪ್ಯೂಟರ್‌ನ ಕ್ರೋಮ್ ಬಗ್ಗೆ. ಮೊಬೈಲ್‌ನಲ್ಲಿ ಕೇಳ್ತಿರೋರು ಆಫೀಸ್‌ನಲ್ಲೋ ಅಂಗಡಿಯಲ್ಲೋ ಕೂತಾಗ ನೆನಪಿಟ್ಕೊಳ್ಳಿ.

ಸಿರುಗುಪ್ಪದ ಒಂದು ರೈಸ್ ಮಿಲ್‌ನಲ್ಲಿ ನನ್ನ ಬಿ.ಕಾಂ ಜೂನಿಯರ್ ಲೆಕ್ಕ ನೋಡ್ತಾನೆ. ಒಂದಿನ ಫೋನ್ ಮಾಡಿ, "ಅಣ್ಣಾ, ಏನು ಹುಡುಕಿದ್ರೂ ಯಾವುದೋ ಗೊತ್ತಿಲ್ಲದ ಪೇಜ್‌ಗೆ ಹೋಗ್ತದೆ. ಜಿಎಸ್‌ಟಿ ರಿಟರ್ನ್ ಹಾಕೋದೈತಿ. ಹಳೇ ಪ್ರೊಫೈಲ್ ಡಿಲೀಟ್ ಮಾಡಿ ಹೊಸದು ಮಾಡ್ಲಾ?" ಅಂದ. ಬೇಡ ಅಂದೆ. ಯಾಕಂದ್ರೆ ಮಿಲ್‌ನ ಪಾಸ್‌ವರ್ಡ್‌ಗಳೆಲ್ಲ ಆ ಪ್ರೊಫೈಲ್‌ನಲ್ಲೇ ಇದ್ದವು, ಸಿಂಕ್ ಆನ್ ಇರಲಿಲ್ಲ. ಡಿಲೀಟ್ ಮಾಡಿದ್ರೆ ಬುಕ್‌ಮಾರ್ಕ್, ಹಿಸ್ಟರಿ, ಪಾಸ್‌ವರ್ಡ್ ಎಲ್ಲವೂ ಹೋಗ್ತಿದ್ದವು.

ಹಳೇದನ್ನ ಮುಟ್ಟದೆ, ಪಕ್ಕದಲ್ಲಿ ಒಂದು ಹೊಸ ಪ್ರೊಫೈಲ್ ತೆರೆಯೋಕೆ ಹೇಳಿದೆ. ಬಲಗಡೆ ಮೇಲಿರೋ ಪ್ರೊಫೈಲ್ ಐಕಾನ್ ಒತ್ತಿದ್ರೆ ಆ ಆಯ್ಕೆ ಸಿಗುತ್ತೆ. ಅಲ್ಲಿ ಗೂಗಲ್ ಅಕೌಂಟ್ ಹಾಕದೇ ಮುಂದುವರಿಯಬೇಕು. ಅಕೌಂಟ್ ಹಾಕಿ ಸಿಂಕ್ ಮಾಡಿದ್ರೆ, ಆ ಅಕೌಂಟ್‌ನಲ್ಲಿರೋ ಎಕ್ಸ್‌ಟೆನ್ಷನ್‌ಗಳು ಹೊಸ ಪ್ರೊಫೈಲ್‌ಗೂ ಬರ್ತವೆ, ಆಗ ಪರೀಕ್ಷೆ ಕೆಡುತ್ತೆ. ಹೊಸ ಪ್ರೊಫೈಲ್ ಅಂದ್ರೆ ಖಾಲಿ ಕೋಣೆ ಇದ್ದಂಗೆ. ಹಳೇ ಕೋಣೆಯ ಸಾಮಾನು ಅಲ್ಲೇ ಇರ್ತದೆ.

ಹೊಸದರಲ್ಲಿ ಹುಡುಕಿದಾಗ ಸರಿಯಾಗಿ ಬಂತು. ಅಂದ್ರೆ ದೋಷ ಹಳೇ ಪ್ರೊಫೈಲ್‌ನಲ್ಲೇ ಇದೆ ಅಂತಾಯ್ತು. ಆಮೇಲೆ ಹಳೇದಕ್ಕೆ ಬಂದು, ಅಡ್ರೆಸ್ ಬಾರ್‌ನಲ್ಲಿ ಇದನ್ನ ಟೈಪ್ ಮಾಡಿಸಿದೆ:

```
chrome://settings/reset
```

ಅಲ್ಲಿ Restore settings to their original defaults ಒತ್ತಿದ್ರೆ ಸರ್ಚ್ ಎಂಜಿನ್, ಶುರುವಾಗೋ ಪೇಜ್, ಪಿನ್ ಮಾಡಿದ ಟ್ಯಾಬ್ ಎಲ್ಲ ಮೊದಲಿನಂಗೆ ಆಗ್ತವೆ. ಕುಕೀಗಳು ಅಳಿಸಿಹೋಗ್ತವೆ, ಹಾಗಾಗಿ ಲಾಗಿನ್ ಆಗಿದ್ದ ಸೈಟ್‌ಗಳಿಗೆ ಮತ್ತೆ ಲಾಗಿನ್ ಆಗಬೇಕು. ಓಟಿಪಿ ಬರೋ ಫೋನ್ ಮಾಲೀಕರ ಹತ್ರ ಇದ್ರೆ, ಅವರು ಇರೋವಾಗಲೇ ಮಾಡಿ. ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿದ ಪಾಸ್‌ವರ್ಡ್ ಮಾತ್ರ ಹಾಗೇ ಉಳೀತವೆ.

ಇಲ್ಲೊಂದು ವಿಷಯ ಇದೆ. ರಿಸೆಟ್ ಎಕ್ಸ್‌ಟೆನ್ಷನ್‌ಗಳನ್ನ ಬಂದ್ ಮಾಡುತ್ತೆ, ತೆಗೆದುಹಾಕಲ್ಲ. chrome://extensions ಪೇಜ್‌ಗೆ ಹೋದಾಗ, ಅವನು ಯಾವತ್ತೋ ಹಾಕಿದ್ದ ಪಿಡಿಎಫ್ ಕನ್ವರ್ಟರ್ ಒಂದು ಅಲ್ಲೇ ಕೂತಿತ್ತು. ಅದಕ್ಕೆ Remove ಕೊಟ್ಟ ಮೇಲೆ, ಬೇಕಾದವನ್ನ ಒಂದೊಂದಾಗಿ ಆನ್ ಮಾಡಿದ. ತೊಂದರೆ ಮತ್ತೆ ಬರಲಿಲ್ಲ.

ಕುರುಗೋಡಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಹಿಂಗಾಗಲಿಲ್ಲ. ಅಲ್ಲಿ ಹೊಸ ಪ್ರೊಫೈಲ್‌ನಲ್ಲೂ ಅದೇ ಕಾಟ. ಅಂಥಾ ಕಡೆ ರಿಸೆಟ್ ಮಾಡಿ ಲಾಗಿನ್‌ಗಳನ್ನ ಕಳ್ಕೊಂಡ್ರೂ ಪ್ರಯೋಜನ ಇಲ್ಲ, ಕಾರಣ ಪ್ರೊಫೈಲ್‌ನ ಹೊರಗಿರುತ್ತೆ. ಕ್ರೋಮ್ ಮೆನುವಿನಲ್ಲಿ Managed by your organization ಅಂತ ಕಾಣ್ತಿತ್ತು. ಸ್ವಂತ ಅಂಗಡಿ ಕಂಪ್ಯೂಟರ್‌ನಲ್ಲಿ ಯಾರೂ ಹಾಗೆ ಸೆಟ್ ಮಾಡಿರದಿದ್ರೆ, ವಿಂಡೋಸ್‌ನಲ್ಲಿ ಸೇರಿಕೊಂಡ ಯಾವುದೋ ಪ್ರೋಗ್ರಾಂ ಮೇಲೆ ಅನುಮಾನ ಪಡಬೇಕು. ಅದನ್ನ ಅನ್‌ಇನ್‌ಸ್ಟಾಲ್ ಮಾಡಿ, ಆಂಟಿವೈರಸ್ ಸ್ಕ್ಯಾನ್ ಓಡಿಸಬೇಕು.

ಹಂಗಾಗಿ ಮೊದಲು ಹೊಸ ಪ್ರೊಫೈಲ್‌ನಲ್ಲಿ ಪರೀಕ್ಷೆ ಮಾಡಿ, ದೋಷ ಹಳೇದರಲ್ಲಿದ್ರೆ ಮಾತ್ರ ಅದನ್ನ ರಿಸೆಟ್ ಮಾಡಿ. ಹಳೇ ಪ್ರೊಫೈಲ್ ಡಿಲೀಟ್ ಮಾಡೋದೇ ಆದ್ರೆ, ಪಾಸ್‌ವರ್ಡ್‌ಗಳು ಬೇರೆ ಕಡೆ ಇವೆ ಅಂತ ಕಣ್ಣಾರೆ ನೋಡಿದ ಮೇಲೆ ಮಾಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.