‘ಬೇಗ ಮುಗಿಸಿ’ ಎಂಬ ಮೆಸೇಜನ್ನು ನೋಟಿಸ್ ಮಾಡುವುದು ಹೇಗೆ?
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಸೂಪರ್‌ವೈಸರ್ ಆಗಿರುವವರೂ ಇದ್ದೀರಿ, ಅವರ ಕೈಕೆಳಗೆ ದುಡಿಯುವವರೂ ಇದ್ದೀರಿ. ಇವತ್ತಿನ ಮಾತು ಇಬ್ಬರಿಗೂ ಬೇಕಾದದ್ದು.

ದುಬೈಯ ಒಂದು ಚಿನ್ನದ ಅಂಗಡಿಯನ್ನು ಉದಾಹರಣೆಗೆ ತಗೊಳ್ಳೋಣ. ಯುಎಇಯಲ್ಲಿ ಗಿರಾಕಿ 55,000 ದಿರ್ಹಂ ಅಥವಾ ಅದಕ್ಕಿಂತ ಹೆಚ್ಚು ನಗದು ಕೊಟ್ಟು ಚಿನ್ನ ಕೊಂಡರೆ ಅಂಗಡಿಯವರು ಗುರುತಿನ ದಾಖಲೆ ಪಡೆದು ಸರ್ಕಾರಕ್ಕೆ ವರದಿ ಮಾಡಬೇಕು. ಒಂದಕ್ಕೊಂದು ಸಂಬಂಧವಿರುವ ಬಿಲ್ಲುಗಳು ಸೇರಿ ಅಷ್ಟಾದರೂ ಇದೇ ನಿಯಮ. ಕೌಂಟರಿನಲ್ಲಿ ಕೂರುವವನಿಗೆ ಇದು ಗೊತ್ತಿರಬೇಕು. ಅದಕ್ಕೇ ಅಕ್ರಮ ಹಣ ತಡೆ ತರಬೇತಿ ಇಡುವುದು.

ಗ್ರೂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬರುತ್ತದೆ: “ಎಲ್ಲರೂ ಟ್ರೈನಿಂಗ್ ಬೇಗ ಮುಗಿಸಿ. ಗುರುವಾರ ಲಾಸ್ಟ್. ಮಾಡದಿದ್ದರೆ ಸಂಬಳ ಕಟ್.”

ಇದರಲ್ಲಿ ಏನಿಲ್ಲ ನೋಡಿ. ಯಾವ ತರಬೇತಿ? ಯಾವ ಗುರುವಾರ, ಎಷ್ಟು ಗಂಟೆಯೊಳಗೆ? ‘ಎಲ್ಲರೂ’ ಅಂದರೆ ಚಹಾ ತರುವ ಹುಡುಗನೂ ಸೇರಿಯೋ? ರಜೆಯಲ್ಲಿ ಊರಿಗೆ ಹೋದವನ ಗತಿಯೇನು? ಎಷ್ಟು ಸಂಬಳ, ಯಾರ ತೀರ್ಮಾನದಿಂದ ಕಟ್?

ಕೊನೆಯ ಪ್ರಶ್ನೆಯೇ ಮುಖ್ಯ. ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲಿ ಶಿಸ್ತಿನ ಶಿಕ್ಷೆಯಾಗಿ ಸಂಬಳ ಕಡಿತಕ್ಕೆ ಅವಕಾಶ ಉಂಟು, ಆದರೆ ತಿಂಗಳಿಗೆ ಐದು ದಿನದ ಸಂಬಳಕ್ಕಿಂತ ಹೆಚ್ಚಿಲ್ಲ. ಅದಕ್ಕೂ ಮೊದಲು ಆರೋಪವನ್ನು ಲಿಖಿತವಾಗಿ ತಿಳಿಸಬೇಕು, ನೌಕರನ ಮಾತು ಕೇಳಬೇಕು. ಡಿಐಎಫ್‌ಸಿ, ಎಡಿಜಿಎಂ ವಲಯಗಳಿಗೆ ಮಾತ್ರ ಬೇರೆ ಕಾನೂನು. ಅಂದರೆ ತಾರೀಕು ದಾಟಿದ ಕೂಡಲೇ ಸಂಬಳ ಕಟ್ ಎನ್ನುವುದು ಸೂಪರ್‌ವೈಸರ್ ತನ್ನ ಕೈಯಲ್ಲಿಲ್ಲದ ಅಧಿಕಾರವನ್ನು ತೋರಿಸಿದ ಹಾಗೆ.

ಇದಕ್ಕೆ ಉಲ್ಟಾ ತಪ್ಪೂ ಉಂಟು. “ದಯವಿಟ್ಟು ಟೈಮ್ ಸಿಕ್ಕಾಗ ಮಾಡಿ” ಅಂತ ನಯವಾಗಿ ಹೇಳಿ, ಆಮೇಲೆ ಒಮ್ಮೆಲೇ ಎಚ್ಚರಿಕೆ ಪತ್ರ ಕೊಡುವುದು. ಹೆದರಿಸುವುದು ಹೇಗೆ ಸರಿಯಲ್ಲವೋ, ಪರಿಣಾಮವನ್ನು ಮುಚ್ಚಿಡುವುದೂ ಹಾಗೆಯೇ ಸರಿಯಲ್ಲ.

ಹಾಗಾದರೆ ಪರಿಣಾಮವನ್ನು ಬರೆಯುವುದು ಹೇಗೆ? ಮೂರು ಭಾಗ ಮಾಡಿ: ಖಂಡಿತ ಆಗುವುದು, ವಿಚಾರಣೆಯ ನಂತರ ಆಗಬಹುದಾದದ್ದು, ಆಗದೇ ಇರುವುದು. ಅದೇ ಮೆಸೇಜು ಹೀಗಾಗುತ್ತದೆ:

“ನೋಟಿಸ್. ದಿನಾಂಕ: 13 ನವೆಂಬರ್ 2025.
ಯಾರಿಗೆ: ಕೌಂಟರ್ ಮತ್ತು ಕ್ಯಾಶ್ ವಿಭಾಗದ ಎಲ್ಲ ನೌಕರರಿಗೆ.
ವಿಷಯ: ಅಕ್ರಮ ಹಣ ತಡೆ ವಾರ್ಷಿಕ ತರಬೇತಿ. ಆನ್‌ಲೈನ್, 90 ನಿಮಿಷ. ಡ್ಯೂಟಿ ಸಮಯದಲ್ಲೇ ಆಫೀಸಿನ ಕಂಪ್ಯೂಟರಿನಲ್ಲಿ ಮಾಡಬಹುದು.
ಕೊನೆಯ ದಿನ: ಗುರುವಾರ, 27 ನವೆಂಬರ್ 2025, ಸಂಜೆ 6 ಗಂಟೆ. ಆ ದಿನ ರಜೆಯಲ್ಲಿರುವವರಿಗೆ ಕೆಲಸಕ್ಕೆ ಮರಳಿದ ದಿನದಿಂದ 7 ದಿನ.
ಮುಗಿಸದಿದ್ದರೆ: 28ರಿಂದ, ತರಬೇತಿ ಮುಗಿಯುವ ತನಕ, ಕೌಂಟರ್ ಕೆಲಸ ಕೊಡುವುದಿಲ್ಲ, ಬೇರೆ ಕೆಲಸ ಕೊಡಲಾಗುವುದು. ಮೂಲ ಸಂಬಳ ಬದಲಾಗುವುದಿಲ್ಲ, ಆದರೆ ಆ ದಿನಗಳ ಮಾರಾಟ ಕಮಿಷನ್ ಸಿಗುವುದಿಲ್ಲ. ಸರಿಯಾದ ಕಾರಣವಿಲ್ಲದೆ ಇನ್ನೂ 7 ದಿನ ತಡವಾದರೆ, ನೌಕರರ ವಿವರಣೆ ಕೇಳಿದ ಬಳಿಕ ಲಿಖಿತ ಎಚ್ಚರಿಕೆ ಕೊಡಬಹುದು. ತಾರೀಕು ತಪ್ಪಿದ ಮಾತ್ರಕ್ಕೆ ಸಂಬಳ ಕಡಿತವಿಲ್ಲ.
ತೊಂದರೆ ಇದ್ದರೆ: ಲಾಗಿನ್, ಭಾಷೆ, ಶಿಫ್ಟ್ ಸಮಸ್ಯೆಯನ್ನು 24ರೊಳಗೆ ಎಚ್‌ಆರ್‌ಗೆ ಇಮೇಲ್ ಮಾಡಿ.”

ಕಮಿಷನ್ನಿನ ಸಾಲನ್ನು ಗಮನಿಸಿ. ಕೌಂಟರಿನಿಂದ ತೆಗೆಯುವುದು ಶಿಕ್ಷೆಯಲ್ಲ, ತರಬೇತಿ ಇಲ್ಲದವನು ದೊಡ್ಡ ನಗದು ಮುಟ್ಟಬಾರದೆಂಬ ಜಾಗ್ರತೆ. ಆದರೂ ಸೇಲ್ಸ್‌ಮ್ಯಾನ್ ಮನೆಗೆ ಕಳಿಸುವ ದುಡ್ಡು ಕಮ್ಮಿಯಾಗುತ್ತದಲ್ವಾ? ಆ ನಷ್ಟವನ್ನು ಮೊದಲೇ ಹೇಳುವುದೇ ನ್ಯಾಯ. ಅಕೌಂಟೆಂಟಾಗಿ ನಾನು ಕಂಡದ್ದು ಇಷ್ಟು: ಜಗಳ ಹುಟ್ಟುವುದು ಹೆಚ್ಚಾಗಿ ಪೇಸ್ಲಿಪ್ ಕೈಗೆ ಬಂದ ದಿನ, ಯಾರೂ ಹೇಳದ ಒಂದು ಸಾಲಿನಿಂದ.

‘ಆಗುತ್ತದೆ’ ಮತ್ತು ‘ಆಗಬಹುದು’ ಇವುಗಳ ವ್ಯತ್ಯಾಸ ಕಾಪಾಡಿ. ‘ಕಠಿಣ ಕ್ರಮ ಕೈಗೊಳ್ಳಲಾಗುವುದು’ ಅಂತ ಬರೆಯಬೇಡಿ. ಅದರಿಂದ ಓದುವವನಿಗೆ ಹೆದರಿಕೆ ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಬರೆದ ಪರಿಣಾಮವನ್ನು ಎಲ್ಲರಿಗೂ ಸಮಾನವಾಗಿ ಜಾರಿ ಮಾಡಲು ಆಗದಿದ್ದರೆ ಅದನ್ನು ಬರೆಯಲೇ ಬೇಡಿ.

ವಾಟ್ಸಾಪ್ ಬಿಡಬೇಕೆಂದಿಲ್ಲ. ನೋಟಿಸ್ ಕೊಟ್ಟ ಮೇಲೆ ಗ್ರೂಪಿನಲ್ಲಿ, “13ರ ನೋಟಿಸ್ ನೋಡಿ, ಇನ್ನು ಮೂರು ದಿನ ಉಂಟು” ಅಂದರೆ ಸಾಕು. ನೋಟಿಸಿನಲ್ಲಿ ಇಲ್ಲದ ಶಿಕ್ಷೆಯನ್ನು ಅಲ್ಲಿ ಸೇರಿಸಬಾರದು, ಅಷ್ಟೇ.

ಇನ್ನು ಮೆಸೇಜ್ ಪಡೆಯುವವರಿಗೆ. ‘ಸಂಬಳ ಕಟ್’ ಅಂತ ಬಂದರೆ ಗ್ರೂಪಿನಲ್ಲಿ ವಾದ ಬೇಡ, ತರಬೇತಿಯನ್ನು ಬಿಡುವುದೂ ಬೇಡ. “ಸರ್, ಕೊನೆಯ ದಿನ ಮತ್ತು ನಿಯಮವನ್ನು ಇಮೇಲ್‌ನಲ್ಲಿ ತಿಳಿಸಿ” ಅಂತ ಎಚ್‌ಆರ್‌ಗೆ ಎರಡು ಸಾಲು ಬರೆಯಿರಿ. ತರಬೇತಿ ಮುಗಿದ ಕೂಡಲೇ ಸರ್ಟಿಫಿಕೇಟಿನ ಒಂದು ಪ್ರತಿ ನಿಮ್ಮ ಸ್ವಂತ ಫೋನಿನಲ್ಲಿಟ್ಟುಕೊಳ್ಳಿ. ಕೆಲಸ ಬಿಟ್ಟ ದಿನ ಕಂಪನಿಯ ಲಾಗಿನ್ ಬಂದ್ ಆಗುತ್ತದೆ, ಆಮೇಲೆ ಅದು ಸಿಗುವುದು ಕಷ್ಟ.