ಬೀದಿ ಮೂಲೆಯ ಕಸ: ಹಾಕೋರು ಯಾರು, ಎತ್ತೋರು ಯಾರು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಮಾತಿನ ಬರಹ ರೂಪ)



ಇವತ್ತು ಒಂದೇ ಒಂದು ಸಣ್ಣ ತಪ್ಪಿನ ಬಗ್ಗೆ ಮಾತಾಡೋಣ. ಮನೆಯ ಕಸವನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ, ಗಂಟು ಕಟ್ಟಿ, ಬೀದಿ ಮೂಲೆಯಲ್ಲಿ ಎಸೆದು ಹೋಗುವುದು. ಇದಕ್ಕೆ ಅರ್ಧ ನಿಮಿಷವೂ ಬೇಡ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಇಡುವವರೇ ಇದನ್ನೂ ಮಾಡುತ್ತಾರೆ. ಹಾಗಾಗಿ ಅವರಿಗೆ ಶುಚಿತ್ವ ಗೊತ್ತಿಲ್ಲ ಅಂತ ಹೇಳೋಕಾಗಲ್ಲ. ಅಂಗಳ ನಮ್ಮದು, ಮೂಲೆ ಯಾರದೂ ಅಲ್ಲ ಅನ್ನುವ ಲೆಕ್ಕ ಅಷ್ಟೆ.

ಆದರೆ ಆ ಕವರು ಯಾರದೋ ಒಬ್ಬರ ಪಾಲಿಗೆ ಬಂದೇ ಬರುತ್ತದೆ. ರಾತ್ರಿ ನಾಯಿ ಅದನ್ನು ಹರಿದು ರಸ್ತೆಗೆ ಹರಡುತ್ತದೆ. ಬೆಳಿಗ್ಗೆ ದನ ಬರುತ್ತದೆ. ಕವರಿನೊಳಗೆ ಅನ್ನ, ತರಕಾರಿ ಸಿಪ್ಪೆಯ ವಾಸನೆ ಇರುವುದರಿಂದ ಅದು ಕವರನ್ನೂ ಸೇರಿಸಿ ನುಂಗುತ್ತದೆ. ನಿಮ್ಮಲ್ಲಿ ಎಷ್ಟೋ ಜನ ಸಂಘದ ಸಾಲದಲ್ಲೇ ಹಸು ಕಟ್ಟಿದ್ದೀರಿ. ಹಸು ಮೊದಲು ನುಂಗಿ ಆಮೇಲೆ ಮೆಲುಕು ಹಾಕುವ ಪ್ರಾಣಿ ಅಂತ ನಿಮಗೆ ಗೊತ್ತು. ನುಂಗಿದ ಪ್ಲಾಸ್ಟಿಕ್ ಕರಗುವುದೂ ಇಲ್ಲ, ಸುಲಭವಾಗಿ ಸಗಣಿಯಲ್ಲಿ ಹೋಗುವುದೂ ಇಲ್ಲ. ಮೊದಲ ಹೊಟ್ಟೆಯಲ್ಲಿ ಉಂಡೆಯಾಗಿ ಸೇರುತ್ತಾ ಹೋಗುತ್ತದೆ. ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮೇವು ತಿನ್ನಲ್ಲ, ಹಾಲು ಇಳಿಯುತ್ತದೆ. ಕೊನೆಗೆ ಹೊಟ್ಟೆ ಕೊಯ್ದು ತೆಗೆಯಬೇಕು, ಇಲ್ಲದಿದ್ದರೆ ದನ ಸಾಯುತ್ತದೆ.

ಇಷ್ಟಾದ ಮೇಲೆ ಉಳಿದದ್ದನ್ನು ಎತ್ತುವುದು ಪೌರಕಾರ್ಮಿಕರು. ಅವರಲ್ಲಿ ತುಂಬಾ ಜನ ನಮ್ಮ ಹಾಗೇ ಹೆಂಗಸರು. ಹಳ್ಳಿಗಳಲ್ಲಿ ಈಗ ಎಷ್ಟೋ ಕಡೆ ಗ್ರಾಮ ಪಂಚಾಯಿತಿಯ ಕಸದ ಗಾಡಿ ಓಡಿಸುವವರು, ಕಸ ವಿಂಗಡಿಸುವವರು ಸ್ವಸಹಾಯ ಸಂಘದ ಸದಸ್ಯೆಯರೇ. ನಿಮ್ಮ ಕವರಿನಲ್ಲಿ ಒಡೆದ ಬಲ್ಬು, ಹಳೇ ಬ್ಲೇಡು, ಸಕ್ಕರೆ ಕಾಯಿಲೆಯವರು ಚುಚ್ಚಿಕೊಂಡ ಸೂಜಿ ಇದ್ದರೆ ಅದು ಮೊದಲು ತಾಗುವುದು ಅವರ ಕೈಗೆ. ತೆಳು ಕೈಗವಸು ಗಾಜನ್ನು ತಡೆಯೋದಿಲ್ಲ.

ಈಗ ಒಂದು ಬೀದಿಯ ಕತೆ ಹೇಳ್ತೀನಿ. ನಾನು ಕೆಲಸ ಮಾಡುವ ಪಟ್ಟಣದ ಒಂದು ಬಡಾವಣೆ. ಟ್ರಾನ್ಸ್‌ಫಾರ್ಮರ್ ಕಂಬದ ಬುಡದಲ್ಲಿ ವರ್ಷಗಟ್ಟಲೆ ಕಸದ ರಾಶಿ ಇತ್ತು. ‘ಇಲ್ಲಿ ಕಸ ಹಾಕಬಾರದು, ಹಾಕಿದರೆ ದಂಡ’ ಅಂತ ಪುರಸಭೆಯ ಬೋರ್ಡು. ಬೋರ್ಡಿನ ಕೆಳಗೇ ಕಸ! ಎರಡು ಸಲ ಟ್ರ್ಯಾಕ್ಟರ್ ತಂದು ಎತ್ತಿಸಿದರೂ ವಾರದೊಳಗೆ ರಾಶಿ ವಾಪಸ್ ಬಂತು.

ಅಲ್ಲಿನ ಸಂಘದವರು ಮೂರನೇ ಸಲ ಬೇರೆ ರೀತಿ ಯೋಚಿಸಿದರು. ಬೈಯೋದು ಬಿಟ್ಟು, ಒಂದು ವಾರ ಸುಮ್ಮನೆ ನೋಡಿದರು. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ, ರಾತ್ರಿ ಎಂಟರಿಂದ ಹತ್ತರವರೆಗೆ ಇಬ್ಬಿಬ್ಬರು ಸರದಿ ಮೇಲೆ ಕೂತರು. ಯಾರ ಹೆಸರನ್ನೂ ಬರೆಯಲಿಲ್ಲ. ಎಷ್ಟು ಹೊತ್ತಿಗೆ, ಯಾವ ಕಡೆಯಿಂದ, ಏನು ಬಂತು ಅಂತ ಮಾತ್ರ ಪುಸ್ತಕದಲ್ಲಿ ಬರೆದರು. ವಾರ ಮುಗಿದಾಗ ಒಂದೊಂದು ಕವರಿನ ಹಿಂದೆಯೂ ಒಂದೊಂದು ಕಾರಣ ಇರೋದು ಕಂಡಿತು.

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಏಳು ಗಂಟೆಗೇ ಮನೆ ಬಿಡುತ್ತಿದ್ದರು. ಗಾಡಿ ಬರುತ್ತಿದ್ದದ್ದು ಎಂಟೂವರೆಗೆ. ಹಿಂದಿನ ವಠಾರದಲ್ಲಿ ಬಾಡಿಗೆಗೆ ಇದ್ದವರಿಗೆ ಗಾಡಿಯ ಹಾಡೇ ಕೇಳಿಸುತ್ತಿರಲಿಲ್ಲ. ರಾತ್ರಿ ತಿಂಡಿ ಗಾಡಿಯವರು ಪೇಪರ್ ಲೋಟ, ತಟ್ಟೆಗಳನ್ನು ಅಲ್ಲೇ ಸುರಿದು ಹೋಗುತ್ತಿದ್ದರು. ಇನ್ನೊಂದು ಕಾರಣ ನಾವೇ ಹೇಳಿಕೊಳ್ಳಬೇಕಾದದ್ದು. ಗಂಡಸು ಇರುವ ಗಾಡಿಗೆ ಮುಟ್ಟಿನ ಪ್ಯಾಡ್ ಕೊಡೋಕೆ ನಾಚಿಕೆ, ಅದಕ್ಕೆ ಕತ್ತಲಾದ ಮೇಲೆ ಕಪ್ಪು ಕವರಿನಲ್ಲಿ ತಂದು ಎಸೆಯುತ್ತಿದ್ದರು. ಉಳಿದದ್ದು ದಾರಿಹೋಕರದು. ಸ್ಕೂಟರ್ ನಿಲ್ಲಿಸದೇ ಬೀಸಿ ಎಸೆದು ಹೋಗುವವರು. ರಾಶಿ ಇದೆ ಅಂತಲೇ ಅವರು ಆ ಜಾಗ ಹುಡುಕಿಕೊಂಡು ಬರುತ್ತಿದ್ದರು.

ಕಾರಣ ಬೇರೆ ಬೇರೆ ಅಂದ ಮೇಲೆ ಒಂದೇ ಬೋರ್ಡು ಎಲ್ಲರನ್ನೂ ಹೇಗೆ ತಡೆಯುತ್ತೆ ಹೇಳಿ? ಸಂಘದವರು ಪುಸ್ತಕ ಹಿಡಿದುಕೊಂಡು ಪೌರಕಾರ್ಮಿಕರ ಮೇಸ್ತ್ರಿ ಹತ್ತಿರ ಹೋದರು. ‘ಗಾಡಿ ಹೇಗೂ ಆರೂವರೆಗೆ ಹೊರಡುತ್ತೆ, ನಮ್ಮ ಬೀದಿಯಿಂದಲೇ ಶುರು ಮಾಡಿ’ ಅಂತ ಕೇಳಿದರು. ಹೆಚ್ಚು ಗಾಡಿ, ಹೆಚ್ಚು ಆಳು ಕೇಳಲಿಲ್ಲ, ಹಾಗಾಗಿ ಅವರು ಒಪ್ಪಿದರು. ಅದಕ್ಕಿಂತಲೂ ಬೇಗ ಹೋಗುವವರು ಹಸಿ ಕಸದ ಬಕೆಟ್, ಒಣ ಕಸದ ಚೀಲ ಎರಡನ್ನೂ ಪಕ್ಕದ ಮನೆಯ ಗೇಟಿನ ಒಳಗೆ ಇಟ್ಟು ಹೋಗುವ ಏರ್ಪಾಡಾಯಿತು. ವಠಾರದ ಒಬ್ಬ ಅಜ್ಜಿ ಗಾಡಿ ಬಂದಾಗ ಕೂಗಿ ಹೇಳುವ ಕೆಲಸ ಒಪ್ಪಿಕೊಂಡರು. ತಿಂಡಿ ಗಾಡಿಯವರಿಗೆ ಸ್ವಂತ ಡ್ರಮ್ ಇಡಬೇಕು, ಬೆಳಿಗ್ಗೆ ಗಾಡಿಗೆ ಕೊಡಬೇಕು ಅಂತ ಹೇಳಿದರು. ಪ್ಯಾಡನ್ನು ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಚುಕ್ಕೆ ಹಾಕಿ, ಬೇರೆಯಾಗಿ ಕೊಡುವುದು ಅಂತ ತೀರ್ಮಾನ ಮಾಡಿದರು. ಚುಕ್ಕೆ ನೋಡಿದರೆ ಒಳಗೇನಿದೆ ಅಂತ ಬಿಚ್ಚಿ ನೋಡಬೇಕಾಗಿಲ್ಲ. ಒಡೆದ ಗಾಜು, ಬ್ಲೇಡನ್ನು ದಪ್ಪ ರಟ್ಟಿನಲ್ಲಿ ಸುತ್ತಿ, ಬಾಯಲ್ಲೂ ಹೇಳಿ ಕೊಡುವುದು. ಸೂಜಿಯನ್ನು ಮುಚ್ಚಳ ಇರುವ ಗಟ್ಟಿ ಡಬ್ಬಿಯಲ್ಲಿ ಹಾಕಿ ಬೇರೆಯಾಗಿ ಕೊಡುವುದು.

ಇದೆಲ್ಲ ಆದ ಮೇಲೇ ರಾಶಿ ಎತ್ತಿಸಿದರು. ಜಾಗ ತೊಳೆದು ರಂಗೋಲಿ ಹಾಕಿದರು. ನಿಜವಾದ ಕೆಲಸ ಶುರುವಾದದ್ದು ಅವತ್ತು ಸಂಜೆ. ಮೂರು ವಾರ ದಿನಾ ಎರಡು ಹೊತ್ತು ಇಬ್ಬರು ಅಲ್ಲಿ ನಿಂತರು. ಯಾಕೆ ಗೊತ್ತಾ? ಹೊಸ ರಾಶಿ ಹುಟ್ಟೋದು ಒಂದೇ ಒಂದು ಕವರಿನಿಂದ. ಒಂದು ಬಿದ್ದು ಅಲ್ಲೇ ಉಳಿದರೆ, ಎರಡನೆಯವರಿಗೆ ಅದೇ ಅನುಮತಿ. ಮೊದಲನೇ ಕವರನ್ನು ಕತ್ತಲಾಗುವುದರೊಳಗೆ ಎತ್ತಿದರೆ ಎರಡನೆಯದು ಬೀಳೋದು ಕಷ್ಟ. ಹಾಕಲು ಬಂದವರಿಗೆ ‘ನಾಚಿಕೆ ಆಗಲ್ವಾ’ ಅಂತ ಕೇಳಲಿಲ್ಲ. ‘ಅಕ್ಕ, ಗಾಡಿ ಈಗ ಆರೂವರೆಗೇ ಬರುತ್ತೆ. ನಿಮಗೆ ಆಗದಿದ್ರೆ ನಮ್ಮ ಗೇಟ್ ಹತ್ರ ಇಡಿ’ ಅಂದರು. ಬೈದರೆ ಆ ಅಕ್ಕ ಇನ್ನೊಂದು ಮೂಲೆ ಹುಡುಕುತ್ತಾಳೆ. ದಾರಿ ತೋರಿಸಿದರೆ ಕವರು ಗಾಡಿ ಸೇರುತ್ತದೆ.

ಎಲ್ಲವೂ ಸರಿಹೋಯಿತು ಅಂತ ಹೇಳಲಾರೆ. ಸ್ಕೂಟರಿನವರು ಕಡಿಮೆಯಾದರು, ನಿಲ್ಲಲಿಲ್ಲ. ಅವರ ಗಾಡಿ ನಂಬರ್, ದಿನ, ಸಮಯ ಬರೆದು ಪುರಸಭೆಯ ಆರೋಗ್ಯ ನಿರೀಕ್ಷಕರಿಗೆ ಕೊಟ್ಟರು. ದಂಡ ಹಾಕುವ ಅಧಿಕಾರ ಪುರಸಭೆಗೆ ಇದೆ, ನಮಗೆ ಇಲ್ಲ. ಆಯುಧಪೂಜೆ ಮಾರನೇ ದಿನ ಬಾಳೆಕಂಬ, ಒಡೆದ ಬೂದುಗುಂಬಳ ಎಲ್ಲ ಸೇರಿ ಗಾಡಿ ಅರ್ಧ ಬೀದಿಗೇ ತುಂಬಿಹೋಯಿತು. ಮೂಲೆಯಲ್ಲಿ ರಾಶಿ ಮತ್ತೆ ಬಂತು. ಅಂದಿನಿಂದ ಹಬ್ಬಕ್ಕೆ ಮೊದಲೇ ಇನ್ನೊಂದು ಸುತ್ತು ಗಾಡಿ ಕೇಳಿಡುತ್ತಾರೆ. ಒಬ್ಬರು ರಾಶಿಗೆ ಬೆಂಕಿ ಇಡೋಣ ಅಂದರು. ಸಂಘದವರು ಬಿಡಲಿಲ್ಲ. ಪ್ಲಾಸ್ಟಿಕ್ ಸುಟ್ಟ ಹೊಗೆ ವಿಷ. ಅದು ಎದುರು ಮನೆಯ ತೊಟ್ಟಿಲ ಮಗುವಿನ ಎದೆಗೆ ಹೋಗುತ್ತದೆ.

ನಿಮ್ಮ ಬೀದಿಯಲ್ಲೂ ಇಂಥ ಮೂಲೆ ಇದ್ದರೆ ಈ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಒಂದೇ ಪ್ರಶ್ನೆ ಎತ್ತಿಕೊಳ್ಳಿ. ಯಾರು ಹಾಕ್ತಾರೆ ಅಂತ ಕೇಳಬೇಡಿ, ಜಗಳ ಆಗುತ್ತದೆ. ಎಷ್ಟು ಹೊತ್ತಿಗೆ, ಯಾಕೆ ಹಾಕ್ತಾರೆ ಅಂತ ಕೇಳಿ, ಒಂದು ವಾರ ನೋಡಿ ಬರೆಯಿರಿ. ಬೆಳಿಗ್ಗೆ ಕಸ ಎತ್ತಲು ಬರುವವಳ ಹೆಸರು ಗೊತ್ತಿಲ್ಲದಿದ್ದರೆ ಅದನ್ನೂ ಕೇಳಿ ತಿಳಿದುಕೊಳ್ಳಿ. ಅವಳ ಹೆಸರು ಗೊತ್ತಿದ್ದರೆ ಗಾಜನ್ನು ಹಾಗೇ ಕವರಿಗೆ ಹಾಕೋಕೆ ಕೈ ಬರೋದಿಲ್ಲ.